ಮೊತ್ತ ತಾಳೆಯಾದರೆ ಸಾಲದು, ಬಿಲ್ಲು ತಾಳೆಯಾಗಬೇಕು

ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕರ್ನಾಟಕದ ಸಣ್ಣ ವ್ಯಾಪಾರಿಗೆ ಡಿಸೆಂಬರ್ 31 ಕಳೆಯಿತೆಂದರೆ ಎರಡು ತಾರೀಕುಗಳು ಎದುರಾಗುತ್ತವೆ. ಜನವರಿ 13ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಹೋಗಬೇಕು. ಜನವರಿ 22ರೊಳಗೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ ಹೋಗಬೇಕು. ಈ ಎರಡು ಗಡುವುಗಳೊಳಗೆ ಇನ್ನೊಂದು ಕೆಲಸವೂ ಮುಗಿಯಬೇಕು. ಅಂಗಡಿಯ ಪುಸ್ತಕ ಹೇಳುವ ಅಂಕಿಯನ್ನೂ ಸರ್ಕಾರದ ಪೋರ್ಟಲ್ ಹೇಳುವ ಅಂಕಿಯನ್ನೂ ಎದುರು ಬದುರು ಇಟ್ಟು ತಾಳೆ ನೋಡುವ ಕೆಲಸ ಅದು.

ಹೆಚ್ಚಿನವರು ಇದನ್ನು ಕೊನೆಯ ದಿನ ಮಾಡುತ್ತಾರೆ, ಅದೂ ಒಟ್ಟು ಮೊತ್ತವನ್ನು ಮಾತ್ರ ನೋಡಿ. ಎರಡು ಮೊತ್ತಗಳ ನಡುವೆ ನಾಲ್ಕೈದು ಸಾವಿರದ ವ್ಯತ್ಯಾಸವಿದ್ದರೆ ‘ಅಷ್ಟೇ ತಾನೆ’ ಎಂದು ಮುಂದೆ ಹೋಗುತ್ತಾರೆ. ಅಷ್ಟು ಸಣ್ಣ ವ್ಯತ್ಯಾಸದ ಹಿಂದೆ ಎಷ್ಟು ದೊಡ್ಡ ತಪ್ಪುಗಳು ಕೂತಿರಬಹುದು ಎಂಬುದನ್ನು ಒಂದು ಅಂಗಡಿಯ ಲೆಕ್ಕ ಬಿಡಿಸಿ ನೋಡೋಣ.

ತುಮಕೂರಿನಲ್ಲಿ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ವೈರು, ಸ್ವಿಚ್ಚು, ಪೈಪು, ಫ್ಯಾನು ಮಾರುವ ಅಂಗಡಿ. ಲೆಕ್ಕ ಸುಲಭವಾಗಲೆಂದು ಎಲ್ಲಕ್ಕೂ ಶೇ. 18 ತೆರಿಗೆ ಎಂದುಕೊಳ್ಳೋಣ. ಗಿರಾಕಿಗಳಲ್ಲಿ ಅರ್ಧ ಜನ ಮನೆಗೆ ಕೊಳ್ಳುವವರು, ಇನ್ನರ್ಧ ಜಿಎಸ್‌ಟಿ ನಂಬರ್ ಇರುವ ಕಂಟ್ರಾಕ್ಟರುಗಳು. ಹಿಂದಿನ ವರ್ಷದ ವಹಿವಾಟು ಐದು ಕೋಟಿ ದಾಟಿಲ್ಲ. ಹಾಗಾಗಿ 2021ರ ಜನವರಿಯಿಂದ ಜಾರಿಯಲ್ಲಿರುವ ಕ್ಯೂಆರ್‌ಎಂಪಿ ಪದ್ಧತಿಯನ್ನು ಮಾಲೀಕರು ಆರಿಸಿಕೊಂಡಿದ್ದಾರೆ. ಅಂದರೆ ರಿಟರ್ನ್ ಮೂರು ತಿಂಗಳಿಗೊಮ್ಮೆ, ತೆರಿಗೆ ಮಾತ್ರ ಪ್ರತಿ ತಿಂಗಳು. ನಾವು ನೋಡುವುದು ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳುಗಳ ಲೆಕ್ಕ.

ಮೊದಲು ಮಾರಾಟ, 13ರೊಳಗೆ

ಮಾರಾಟದ ಕಡೆಯಿಂದ ಶುರು ಮಾಡುವುದಕ್ಕೆ ಕಾರಣವಿದೆ. ಜಿಎಸ್‌ಟಿಆರ್-1ರಲ್ಲಿ ನಾವು ತುಂಬಿದ ಅಂಕಿಯೇ ಜಿಎಸ್‌ಟಿಆರ್-3ಬಿಯಲ್ಲಿ ನಾವು ಕಟ್ಟಬೇಕಾದ ತೆರಿಗೆಯಾಗಿ ತಾನಾಗಿ ಬಂದು ಕೂರುತ್ತದೆ. ಮೊದಲೆಲ್ಲ ಅದನ್ನು 3ಬಿಯಲ್ಲಿಯೇ ತಿದ್ದಬಹುದಿತ್ತು. 2025ರ ಜುಲೈ ಅವಧಿಯಿಂದ ಆ ಅಂಕಿಗೆ ಬೀಗ ಬಿದ್ದಿದೆ. ಜಿಎಸ್‌ಟಿಆರ್-1 ಸಲ್ಲಿಸಿದ ಮೇಲೆ ತಪ್ಪು ಕಂಡರೆ ಜಿಎಸ್‌ಟಿಆರ್-1ಎ ಎಂಬ ತಿದ್ದುಪಡಿ ನಮೂನೆಯೊಂದೇ ದಾರಿ, ಅದೂ 3ಬಿ ಸಲ್ಲಿಸುವ ತನಕ ಮಾತ್ರ. ಅದನ್ನೂ ತಪ್ಪಿಸಿಕೊಂಡರೆ ಹೆಚ್ಚಿಗೆ ಕಟ್ಟಿದ ಹಣ ಮುಂದಿನ ಅವಧಿಯ ಜಿಎಸ್‌ಟಿಆರ್-1ರಲ್ಲಿ ಸರಿಪಡಿಸುವವರೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮಾರಾಟದ ತಾಳೆ 13ರ ಮುಂಚೆಯೇ ಮುಗಿಯಬೇಕು.

ನಮ್ಮ ಅಂಗಡಿಯ ಮಾರಾಟ ಖಾತೆಯಲ್ಲಿ ಮೂರು ತಿಂಗಳ ಮೊತ್ತ, ತೆರಿಗೆ ಬಿಟ್ಟು, 24,00,000 ರೂಪಾಯಿ. ಜಿಎಸ್‌ಟಿಆರ್-1ಕ್ಕೆ ಸಿದ್ಧವಾದ ಕರಡಿನಲ್ಲಿ 25,70,000 ರೂಪಾಯಿ. ಪುಸ್ತಕಕ್ಕಿಂತ ಕರಡಿನಲ್ಲಿ 1,70,000 ಹೆಚ್ಚು. ಈ 1,70,000 ಎಲ್ಲಿಂದ ಬಂತು?

ಹುಡುಕಲು ಮೊದಲು ಬಿಲ್ ನಂಬರುಗಳ ಸಾಲು ನೋಡಬೇಕು. ಅವಧಿಯ ಮೊದಲ ಬಿಲ್ಲಿನಿಂದ ಕೊನೆಯ ಬಿಲ್ಲಿನವರೆಗೆ ನಂಬರುಗಳು ಬಿಡುವಿಲ್ಲದೆ ಬಂದಿವೆಯೇ, ರದ್ದಾದ ಬಿಲ್ಲುಗಳು ಎಷ್ಟು ಎಂಬುದನ್ನು ಜಿಎಸ್‌ಟಿಆರ್-1ರ 13ನೇ ಕೋಷ್ಟಕವೇ ಕೇಳುತ್ತದೆ. ನಡುವೆ ಒಂದು ನಂಬರು ಕಾಣದಿದ್ದರೆ ಒಂದೋ ಬಿಲ್ಲು ಬಿಟ್ಟುಹೋಗಿದೆ, ಇಲ್ಲವೇ ರದ್ದಾದದ್ದನ್ನು ಬರೆದಿಲ್ಲ. ನಮ್ಮ ಅಂಗಡಿಯಲ್ಲಿ ಸಾಲು ಸರಿಯಾಗಿದೆ. ಹಾಗಾದರೆ ಬಿಟ್ಟುಹೋದ ಬಿಲ್ಲಿಲ್ಲ. ಕೂಡಿಸಬಾರದ್ದನ್ನು ಕೂಡಿಸಿರಬೇಕು, ಇಲ್ಲವೇ ಕಳೆಯಬೇಕಾದದ್ದನ್ನು ಕಳೆಯದೆ ಇರಬೇಕು.

ಬಿಲ್ಲು ಬಿಲ್ಲಾಗಿ ನೋಡಿದಾಗ ಮೂರು ಸಂಗತಿ ಸಿಕ್ಕವು. ಮೊದಲನೆಯದು, ನವೆಂಬರಿನಲ್ಲಿ ಒಬ್ಬ ಕಂಟ್ರಾಕ್ಟರಿಗೆ ಮಾಡಿದ 1,00,000 ರೂಪಾಯಿಯ ಬಿಲ್ಲು. ಮೂರು ತಿಂಗಳು ಕಾಯದೆ ಗಿರಾಕಿಗೆ ತೆರಿಗೆ ಜಮೆ ಸಿಗಲೆಂದು ಮೊದಲ ಎರಡು ತಿಂಗಳ ಇಂಥ ಬಿಲ್ಲುಗಳನ್ನು ಐಎಫ್‌ಎಫ್ ಎಂಬ ಸೌಲಭ್ಯದಲ್ಲಿ ಮುಂಚಿತವಾಗಿ ಏರಿಸಬಹುದು. ಈ ಬಿಲ್ಲನ್ನು ಹಾಗೆ ಏರಿಸಿದ್ದರು. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗಳ ಮಾರಾಟವನ್ನು ಬಿಲ್ಲುವಾರು ಕೊಡಬೇಕಿಲ್ಲ, ತೆರಿಗೆ ದರದ ಪ್ರಕಾರ ಒಟ್ಟು ಮೊತ್ತ ಸಾಕು. ಆ ಒಟ್ಟು ಮೊತ್ತವನ್ನು ಕೌಂಟರಿನ ದಿನದ ಲೆಕ್ಕದಿಂದ ಎತ್ತಿಕೊಂಡಾಗ ಕಂಟ್ರಾಕ್ಟರಿನ ಬಿಲ್ಲೂ ಅದರೊಳಗೆ ಸೇರಿಬಿಟ್ಟಿತು. ಒಂದೇ ಮಾರಾಟ ಎರಡು ಕಡೆ ಕೂತಿತು. ಒಂದೇ ನಂಬರಿನ ಬಿಲ್ಲನ್ನು ಎರಡು ಸಲ ಏರಿಸಲು ಹೋದರೆ ಪೋರ್ಟಲ್ ತಡೆಯುತ್ತದೆ. ಒಟ್ಟು ಮೊತ್ತದೊಳಗೆ ಅಡಗಿದ ಬಿಲ್ಲು ಅದರ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು, ಡಿಸೆಂಬರಿನಲ್ಲಿ ಇನ್ನೊಬ್ಬ ಕಂಟ್ರಾಕ್ಟರ್ ವಾಪಸ್ ಕೊಟ್ಟ 40,000 ರೂಪಾಯಿಯ ವೈರು. ಅಂಗಡಿಯವರು ಕ್ರೆಡಿಟ್ ನೋಟ್ ಬರೆದು ಪುಸ್ತಕದಲ್ಲಿ ಮಾರಾಟದಿಂದ ಕಳೆದಿದ್ದಾರೆ, ರಿಟರ್ನಿಗೆ ಹಾಕಲು ಮರೆತಿದ್ದಾರೆ.

ಮೂರನೆಯದು ತಪ್ಪೇ ಅಲ್ಲ. ಕೆಲವು ಬಿಲ್ಲುಗಳಲ್ಲಿ ಸಾಮಾನಿನ ಜೊತೆ ಸಾಗಣೆ ಖರ್ಚೆಂದು ಒಟ್ಟು 30,000 ರೂಪಾಯಿ ವಸೂಲಿ ಮಾಡಿದ್ದಾರೆ. ಪುಸ್ತಕದಲ್ಲಿ ಅದು ಮಾರಾಟ ಖಾತೆಗೆ ಹೋಗದೆ ಸಾಗಣೆ ಖಾತೆಗೆ ಹೋಗಿದೆ. ಸಾಮಾನಿನ ಜೊತೆ ವಸೂಲಿ ಮಾಡಿದ ಸಾಗಣೆಗೂ ತೆರಿಗೆ ಬೀಳುವುದರಿಂದ ರಿಟರ್ನಿನಲ್ಲಿ ಅದು ಇರಲೇಬೇಕು. ಎರಡೂ ಸರಿ, ವ್ಯತ್ಯಾಸವೂ ಸರಿ. ಇಂಥದ್ದನ್ನು ತಿದ್ದಲು ಹೋಗಬಾರದು. ಏಕೆ ಬಂತೆಂದು ಬರೆದಿಟ್ಟರೆ ಸಾಕು.

ಈಗ ಲೆಕ್ಕ ಸೇರಿತು. ಒಂದು ಲಕ್ಷ, ನಲವತ್ತು ಸಾವಿರ, ಮೂವತ್ತು ಸಾವಿರ ಕೂಡಿದರೆ 1,70,000. ಮೊದಲೆರಡನ್ನು ಕರಡಿನಿಂದ ತೆಗೆದರೆ ಉಳಿಯುವುದು 24,30,000, ಅದರ ಮೇಲಿನ ತೆರಿಗೆ 4,37,400 ರೂಪಾಯಿ. ಪುಸ್ತಕದ ತೆರಿಗೆ ಖಾತೆಯಲ್ಲೂ ಇಷ್ಟೇ ಇರಬೇಕು, ಏಕೆಂದರೆ ಸಾಗಣೆಯ ಮೇಲಿನ ತೆರಿಗೆ ಅಲ್ಲಿಗೇ ಜಮೆಯಾಗಿರುತ್ತದೆ. ಮಾರಾಟದ ಮೊತ್ತವನ್ನು ಮಾತ್ರ ನೋಡದೆ ತೆರಿಗೆ ಖಾತೆಯನ್ನೂ ನೋಡಬೇಕು ಎನ್ನುವುದು ಇದಕ್ಕೇ. ಕರಡನ್ನು ಹಾಗೆಯೇ ಸಲ್ಲಿಸಿದ್ದರೆ ಈ ಅಂಗಡಿ 25,200 ರೂಪಾಯಿ ಹೆಚ್ಚಿಗೆ ಕಟ್ಟುತ್ತಿತ್ತು.

ನಂತರ ಖರೀದಿ, 14ರಿಂದ

ಖರೀದಿಯ ಕಡೆ ಬೇರೆಯದೇ ಕಥೆ. ಅಲ್ಲಿ ನಮ್ಮ ಪುಸ್ತಕ ಎಷ್ಟೇ ಚೊಕ್ಕವಾಗಿದ್ದರೂ ಸಾಲದು, ನಮಗೆ ಮಾರಿದವರ ರಿಟರ್ನೂ ಸರಿಯಿರಬೇಕು. ನಾವು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. 2022ರ ಜನವರಿಯಿಂದ ಜಾರಿಯಾದ ನಿಯಮದ ಪ್ರಕಾರ, ಮಾರಿದವರು ಆ ಬಿಲ್ಲನ್ನು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸಿದ್ದರೆ ಮಾತ್ರ ಈ ಕ್ರೆಡಿಟ್. ಹಾಗೆ ತೋರಿಸಿದ ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-2ಬಿ ಎಂಬ ಹೆಸರಿನಲ್ಲಿ 14ನೇ ತಾರೀಕು ನಮ್ಮ ಪೋರ್ಟಲಿಗೆ ಬರುತ್ತದೆ. ಕ್ಯೂಆರ್‌ಎಂಪಿಯವರಿಗೆ ಅದು ಮೂರು ತಿಂಗಳಿಗೂ ಸೇರಿ ಬರುತ್ತದೆ.

ನಮ್ಮ ಅಂಗಡಿಯ ಪುಸ್ತಕದಲ್ಲಿ ಖರೀದಿ 18,00,000 ರೂಪಾಯಿ, ಅದರ ತೆರಿಗೆ 3,24,000. 2ಬಿಯಲ್ಲಿ ಕಂಡ ತೆರಿಗೆ 3,17,520. ವ್ಯತ್ಯಾಸ ಬರೀ 6,480 ರೂಪಾಯಿ. ಕೊನೆಯ ದಿನದ ಅವಸರದಲ್ಲಿರುವವರಿಗೆ ಇದು ಬಿಟ್ಟುಬಿಡಬಹುದಾದ ಅಂಕಿಯಂತೆ ಕಾಣುತ್ತದೆ.

ಆದರೂ ಬಿಲ್ಲುವಾರು ನೋಡೋಣ. 2ಬಿಯನ್ನು ಎಕ್ಸೆಲ್ಲಿಗೆ ಇಳಿಸಿ, ಪಕ್ಕದಲ್ಲಿ ಖರೀದಿ ಪುಸ್ತಕ ಇಟ್ಟು, ಎರಡನ್ನೂ ಮಾರಿದವರ ಜಿಎಸ್‌ಟಿ ನಂಬರಿನ ಪ್ರಕಾರ ಜೋಡಿಸಬೇಕು. ಬಿಲ್ ನಂಬರನ್ನೊಂದೇ ನಂಬಿದರೆ ಕೆಲಸ ಕೆಡುತ್ತದೆ. ಅಂಗಡಿಯವರು ‘145’ ಎಂದು ಬರೆದುಕೊಂಡದ್ದನ್ನು ಮಾರಿದವರು ಮುಂದೆ ಹಿಂದೆ ಅಕ್ಷರ, ವರ್ಷ ಸೇರಿಸಿ ಬರೆದಿರುತ್ತಾರೆ. ಜಿಎಸ್‌ಟಿ ನಂಬರ್, ತಾರೀಕು, ತೆರಿಗೆ ಮೊತ್ತ ಮೂರೂ ಹೊಂದಿದರೆ ಅದು ಒಂದೇ ಬಿಲ್ಲು. ಹೊರರಾಜ್ಯದ ಖರೀದಿಯಾದರೆ ಐಜಿಎಸ್‌ಟಿ, ನಮ್ಮ ರಾಜ್ಯದ್ದಾದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಇವುಗಳನ್ನೂ ಬೇರೆ ಬೇರೆಯಾಗಿಯೇ ಹೊಂದಿಸಬೇಕು.

ಹೊಂದಿದವನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಮೂರು ಗುಂಪು: ಪುಸ್ತಕದಲ್ಲಿದ್ದು 2ಬಿಯಲ್ಲಿ ಇಲ್ಲದವು, 2ಬಿಯಲ್ಲಿದ್ದು ಪುಸ್ತಕದಲ್ಲಿ ಇಲ್ಲದವು, ಎರಡರಲ್ಲೂ ಇದ್ದು ಮೊತ್ತ ಬೇರೆಯಾದವು. ನಮ್ಮ ಅಂಗಡಿಯಲ್ಲಿ ಹೀಗೆ ಐದು ಬಿಲ್ಲು ಉಳಿದವು.

ಪುಸ್ತಕದಲ್ಲಿದ್ದು 2ಬಿಯಲ್ಲಿ ಇಲ್ಲದ್ದು ಒಂದೇ. ನವೆಂಬರಿನಲ್ಲಿ ಕೊಂಡ 2,00,000 ರೂಪಾಯಿಯ ಫ್ಯಾನುಗಳು, ತೆರಿಗೆ 36,000. ಸಾಮಾನು ಬಂದಿದೆ, ಬಿಲ್ಲು ಕೈಯಲ್ಲಿದೆ, ಹಣವೂ ಸಂದಿದೆ. ಆದರೂ ಈ ಸಲ ಕ್ರೆಡಿಟ್ ಇಲ್ಲ. ಮಾಡಬೇಕಾದದ್ದು ಒಂದು ಫೋನು: “ಸಾರ್, ನಿಮ್ಮ ನವೆಂಬರಿನ ಬಿಲ್ಲು ನಮ್ಮ ಟೂ-ಬಿಯಲ್ಲಿ ಬಂದಿಲ್ಲ. ನಮ್ಮ ಜಿಎಸ್‌ಟಿ ನಂಬರ್ ಸರಿಯಾಗಿ ಹಾಕಿದ್ದೀರಾ, ಸ್ವಲ್ಪ ನೋಡ್ತೀರಾ?” ಹತ್ತರಲ್ಲಿ ಹಲವು ಸಲ ಉತ್ತರ ಇದೇ ಆಗಿರುತ್ತದೆ: ಒಂದು ಅಕ್ಷರ ತಪ್ಪಿ ಬಿಲ್ಲು ಬೇರೆಯವರ ನಂಬರಿಗೆ ಹೋಗಿದೆ, ಇಲ್ಲವೇ ನಂಬರ್ ಇಲ್ಲದ ಗಿರಾಕಿಗಳ ಮೊತ್ತದಲ್ಲಿ ಸೇರಿದೆ. ಅವರು ಮುಂದಿನ ರಿಟರ್ನಿನಲ್ಲಿ ತಿದ್ದಿದರೆ ನಮ್ಮ ಮುಂದಿನ 2ಬಿಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಪುಸ್ತಕದಲ್ಲಿ ಈ 36,000ವನ್ನು ‘ಬರಬೇಕಾದ ಕ್ರೆಡಿಟ್’ ಎಂಬ ಬೇರೆ ಖಾತೆಯಲ್ಲಿಡಬೇಕು. ಬೇರೆ ಇಡದಿದ್ದರೆ ಎರಡು ತ್ರೈಮಾಸಿಕ ಕಳೆಯುವಷ್ಟರಲ್ಲಿ ಅದು ಮರೆತೇ ಹೋಗುತ್ತದೆ.

2ಬಿಯಲ್ಲಿದ್ದು ಪುಸ್ತಕದಲ್ಲಿ ಇಲ್ಲದವು ಮೂರು. ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ. ಒಂದು, ಡಿಸೆಂಬರ್ 29ರ ತಾರೀಕಿನ 1,50,000 ರೂಪಾಯಿಯ ಬಿಲ್ಲು, ತೆರಿಗೆ 27,000. ಸಾಮಾನು ಅಂಗಡಿಗೆ ಇಳಿದದ್ದು ಜನವರಿ 3ರಂದು. ಸಾಮಾನು ಕೈಸೇರದೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಕಾನೂನು, ಹಾಗಾಗಿ ಇದು ಮುಂದಿನ ತ್ರೈಮಾಸಿಕದ್ದು. 2024ರ ಅಕ್ಟೋಬರಿನಿಂದ ಪೋರ್ಟಲಿನಲ್ಲಿ ಐಎಂಎಸ್ ಎಂಬ ಪುಟ ಬಂದಿದೆ. ನಮ್ಮ ಹೆಸರಿಗೆ ಬಂದ ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪಬಹುದು, ತಿರಸ್ಕರಿಸಬಹುದು, ಇಲ್ಲವೇ ಪೆಂಡಿಂಗ್ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆ. ಈ ಬಿಲ್ಲನ್ನು ಪೆಂಡಿಂಗ್ ಇಟ್ಟು 2ಬಿಯನ್ನು ಮತ್ತೆ ಲೆಕ್ಕ ಹಾಕಿಸಿದರೆ ಅದು ಈ ಸಲದ ಪಟ್ಟಿಯಿಂದ ಹೊರಬೀಳುತ್ತದೆ. ಗಡಿಬಿಡಿಯಲ್ಲಿ ತಿರಸ್ಕರಿಸಬಾರದು. ಹಾಗೆ ಮಾಡಿದರೆ ಬಿಲ್ಲು ಸರಿಯಿದ್ದರೂ ನಮ್ಮ ಕ್ರೆಡಿಟ್ ಕೈತಪ್ಪುತ್ತದೆ.

ಇನ್ನೊಂದು, ಬ್ಯಾಂಕಿನ ಸೇವಾಶುಲ್ಕ. ಮೂರು ತಿಂಗಳಿಗೆ 3,000 ರೂಪಾಯಿ ಶುಲ್ಕ, ಅದರ ಮೇಲೆ 540 ತೆರಿಗೆ. ಅಂಗಡಿಯವರು ಪಾಸ್‌ಬುಕ್ ನೋಡಿ ಇಡೀ 3,540ನ್ನು ಖರ್ಚೆಂದು ಬರೆದಿದ್ದಾರೆ. ಇದು ಪಡೆಯಬಹುದಾದ ಕ್ರೆಡಿಟ್. ಪುಸ್ತಕ ತಿದ್ದಿ ತೆಗೆದುಕೊಳ್ಳಬೇಕು. ಮೊತ್ತ ಸಣ್ಣದು, ಆದರೆ ಪ್ರತಿ ತ್ರೈಮಾಸಿಕವೂ ತಪ್ಪಿಹೋಗುವಂಥದ್ದು.

ಮತ್ತೊಂದು, ದೀಪಾವಳಿಗೆ ಖಾಯಂ ಗಿರಾಕಿಗಳಿಗೆ ಪುಕ್ಕಟೆ ಕೊಡಲು ಕೊಂಡ 20,000 ರೂಪಾಯಿಯ ಗೋಡೆ ಗಡಿಯಾರಗಳು, ತೆರಿಗೆ 3,600. ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಕ್ರೆಡಿಟ್ ಇಲ್ಲವೆಂದು ಕಾನೂನಿನ 17(5)ನೇ ಕಲಮು ತಡೆದಿದೆ. ಅಂಗಡಿಯವರು ತೆರಿಗೆಯನ್ನೂ ಸೇರಿಸಿ ಖರ್ಚಿಗೆ ಬರೆದದ್ದು ಸರಿಯೇ. ಪೋರ್ಟಲಿಗೆ ಗಡಿಯಾರ ಉಡುಗೊರೆಗೆ ಹೋಯಿತೋ ಮಾರಾಟಕ್ಕೆ ಹೋಯಿತೋ ಗೊತ್ತಾಗುವುದಿಲ್ಲ. ಹಾಗಾಗಿ 2ಬಿಯಲ್ಲಿ ‘ಲಭ್ಯ’ ಎಂದೇ ತೋರಿಸುತ್ತದೆ. 3ಬಿಯ 4ನೇ ಕೋಷ್ಟಕದಲ್ಲಿ ಇದನ್ನು ಮೇಲೆ 4(A)(5)ರಲ್ಲಿ ಬರಲು ಬಿಟ್ಟು, ಕೆಳಗೆ 4(B)(1)ರಲ್ಲಿ ವಾಪಸ್ ತೋರಿಸಬೇಕು.

ಕೊನೆಗೆ ಮೊತ್ತ ಬೇರೆಯಾದ ಒಂದು ಬಿಲ್ಲು. 2ಬಿಯಲ್ಲಿ 45,000, ಪುಸ್ತಕದಲ್ಲಿ 54,000. ಅಂಕಿ ಹಿಂದು ಮುಂದಾಗಿ ಬರೆದ ತಪ್ಪು. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ ಎಂಬುದು ಲೆಕ್ಕ ಬರೆಯುವವರ ಹಳೆಯ ಗುರುತು. ಇಲ್ಲಿ ವ್ಯತ್ಯಾಸ 9,000, ಅದರ ತೆರಿಗೆ 1,620. ಸಿಗದಿದ್ದರೆ ತೆರಿಗೆಯಷ್ಟೇ ಅಲ್ಲ, ಮಾರಿದವರಿಗೆ ಕೊಡುವ ಹಣದಲ್ಲೂ 10,620 ರೂಪಾಯಿ ಹೆಚ್ಚಿಗೆ ಹೋಗುತ್ತಿತ್ತು.

ಐದನ್ನೂ ಒಂದೆಡೆ ಇಟ್ಟರೆ ಪುಸ್ತಕದಿಂದ 2ಬಿಯವರೆಗಿನ ದಾರಿ ಹೀಗಿದೆ:

| ವಿವರ | ತೆರಿಗೆ (ರೂ.) |
|---|---|
| ಖರೀದಿ ಪುಸ್ತಕದ ಪ್ರಕಾರ | 3,24,000 |
| ಕಳೆ: ಮಾರಿದವರು ತೋರಿಸದ ಫ್ಯಾನಿನ ಬಿಲ್ಲು | 36,000 |
| ಕಳೆ: ಅಂಕಿ ಅದಲು ಬದಲು | 1,620 |
| ಕೂಡು: ಜನವರಿಯಲ್ಲಿ ಬಂದ ಸಾಮಾನು | 27,000 |
| ಕೂಡು: ಬ್ಯಾಂಕ್ ಶುಲ್ಕ | 540 |
| ಕೂಡು: ಉಡುಗೊರೆ ಗಡಿಯಾರ | 3,600 |
| ಜಿಎಸ್‌ಟಿಆರ್-2ಬಿ ಪ್ರಕಾರ | 3,17,520 |

ಎರಡೂ ಅಂಕಿ ಸರಿಯಲ್ಲ

ಹಾಗಾದರೆ ಈ ಅಂಗಡಿ ಎಷ್ಟು ಕ್ರೆಡಿಟ್ ತೆಗೆದುಕೊಳ್ಳಬೇಕು? ಪುಸ್ತಕದ 3,24,000 ಸರಿಯಲ್ಲ. 2ಬಿಯ 3,17,520 ಕೂಡ ಸರಿಯಲ್ಲ. 2ಬಿಯ ಮೊತ್ತದಿಂದ ಜನವರಿಯ ಸಾಮಾನಿನ 27,000, ಗಡಿಯಾರದ 3,600 ಕಳೆದರೆ 2,86,920. ಪುಸ್ತಕದ ಕಡೆಯಿಂದ ಬಂದರೂ, 36,000 ಮತ್ತು 1,620 ಕಳೆದು ಬ್ಯಾಂಕಿನ 540 ಕೂಡಿದರೆ ಅದೇ 2,86,920. ಎರಡು ದಾರಿಯಲ್ಲಿ ನಡೆದರೂ ಒಂದೇ ಊರು ಸೇರಿದರೆ ತಾಳೆ ಮುಗಿಯಿತು ಎಂದರ್ಥ.

ಪುಸ್ತಕದ ಅಂಕಿಯನ್ನೇ ಹಾಕಿದ್ದರೆ 37,080 ರೂಪಾಯಿ ಹೆಚ್ಚಿನ ಕ್ರೆಡಿಟ್ ಆಗುತ್ತಿತ್ತು. 2ಬಿಯಲ್ಲಿ ಇರುವುದನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಂಡಿದ್ದರೂ 30,600 ಹೆಚ್ಚಾಗುತ್ತಿತ್ತು. 6,480 ರೂಪಾಯಿಯ ವ್ಯತ್ಯಾಸದ ಹಿಂದೆ ಇಷ್ಟಿತ್ತು. ಪ್ಲಸ್ ತಪ್ಪು, ಮೈನಸ್ ತಪ್ಪು ಒಂದನ್ನೊಂದು ತಿಂದುಹಾಕಿ ಒಟ್ಟು ಮೊತ್ತವನ್ನು ಸಭ್ಯವಾಗಿ ಕಾಣುವಂತೆ ಮಾಡಿದ್ದವು. ವ್ಯತ್ಯಾಸ ಸೊನ್ನೆಯೇ ಬಂದಿದ್ದರೂ ಇದೇ ಮಾತು.

ತಪ್ಪಾಗಿ ತೆಗೆದುಕೊಂಡ ಕ್ರೆಡಿಟ್ಟನ್ನು ತೆರಿಗೆ ಕಟ್ಟಲು ಬಳಸಿದರೆ ಅದರ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ ಬೀಳುತ್ತದೆ. ನಿಗದಿತ ಮಿತಿ ಮೀರಿ 2ಬಿಗಿಂತ 3ಬಿಯಲ್ಲಿ ಹೆಚ್ಚು ಕ್ರೆಡಿಟ್ ತೋರಿಸಿದರೆ ಡಿಆರ್‌ಸಿ-01ಸಿ ಎಂಬ ತಿಳಿವಳಿಕೆ ಪತ್ರ ಪೋರ್ಟಲಿನಿಂದಲೇ ಬರುತ್ತದೆ. ಏಳು ದಿನದೊಳಗೆ ಹಣ ಕಟ್ಟಬೇಕು, ಇಲ್ಲವೇ ಕಾರಣ ಬರೆಯಬೇಕು. ಎರಡೂ ಮಾಡದಿದ್ದರೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಲಾಗುವುದಿಲ್ಲ. ಆಗ ತೊಂದರೆ ನಮ್ಮೊಬ್ಬರದಾಗಿ ಉಳಿಯುವುದಿಲ್ಲ. ನಮ್ಮ ಬಿಲ್ಲು ಕಾಣದೆ ನಮ್ಮಿಂದ ಕೊಂಡವರ ಕ್ರೆಡಿಟ್ಟೂ ನಿಲ್ಲುತ್ತದೆ.

ಇನ್ನು ಕಟ್ಟಬೇಕಾದ ಹಣ. ಮಾರಾಟದ ತೆರಿಗೆ 4,37,400ರಲ್ಲಿ 2,86,920 ಕಳೆದರೆ 1,50,480 ರೂಪಾಯಿ. ಅಕ್ಟೋಬರ್, ನವೆಂಬರ್ ತಿಂಗಳಿಗೆ ಪಿಎಂಟಿ-06 ಚಲನ್‌ನಲ್ಲಿ ಮುಂಗಡವಾಗಿ ಕಟ್ಟಿದ್ದು ಇದರಲ್ಲಿ ವಜಾ ಆಗುತ್ತದೆ. ಈ ಮುಂಗಡಕ್ಕೆ ಸುಲಭ ದಾರಿ, ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ ತೆರಿಗೆಯ ಶೇ. 35ನ್ನು ಪ್ರತಿ ತಿಂಗಳು ಕಟ್ಟುವುದು. ಆಗ 1,40,000 ಕಟ್ಟಿದ್ದರೆ ತಿಂಗಳಿಗೆ 49,000, ಎರಡು ತಿಂಗಳಿಗೆ 98,000. ಉಳಿದದ್ದು 52,480. ಪೋರ್ಟಲಿನ ಕ್ಯಾಶ್ ಲೆಡ್ಜರಿನಲ್ಲಿ ಕಾಣುವ ಈ 98,000 ಪುಸ್ತಕದಲ್ಲೂ ತೆರಿಗೆ ಖಾತೆಯಲ್ಲೇ ಇದೆಯೇ, ಗುಮಾಸ್ತರು ಖರ್ಚಿಗೆ ಬರೆದಿದ್ದಾರೆಯೇ ಎಂದು ಒಮ್ಮೆ ನೋಡಿದರೆ ಮೂರನೆಯ ತಾಳೆಯೂ ಮುಗಿಯುತ್ತದೆ.

ಬಾಕಿ ಪಟ್ಟಿಗೆ ಕೊನೆಯ ದಿನವಿದೆ

3ಬಿ ಸಲ್ಲಿಸಿದ ಮೇಲೂ ಎರಡು ಬಾಕಿ ಉಳಿದವು: ಫ್ಯಾನಿನ 36,000, ಪೆಂಡಿಂಗ್ ಇಟ್ಟ 27,000. ಎರಡನೆಯದು ಮುಂದಿನ ತ್ರೈಮಾಸಿಕದಲ್ಲಿ ಒಪ್ಪಿದರೆ ಮುಗಿಯಿತು. ಮೊದಲನೆಯದು ಮಾರಿದವರ ಕೈಯಲ್ಲಿದೆ. ಒಂದು ಹಣಕಾಸು ವರ್ಷದ ಬಿಲ್ಲಿಗೆ ಕ್ರೆಡಿಟ್ ಪಡೆಯಲು ಮುಂದಿನ ನವೆಂಬರ್ 30 ಕೊನೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಅದೇ ಕೊನೆ. ಆಮೇಲೆ ಬಿಲ್ಲು ಎಷ್ಟೇ ನಿಜವಾಗಿದ್ದರೂ ಆ 36,000 ಅಂಗಡಿಯ ಖರ್ಚೇ. ಹಾಗೆಯೇ ಮಾರಿದವರು ಬಿಲ್ಲು ತೋರಿಸಿ ತಮ್ಮ 3ಬಿಯನ್ನು ಮುಂದಿನ ಸೆಪ್ಟೆಂಬರ್ 30ರವರೆಗೂ ಸಲ್ಲಿಸದೆ ಬಿಟ್ಟರೆ, ನಾವು ಪಡೆದ ಕ್ರೆಡಿಟ್ಟನ್ನು ನವೆಂಬರ್ 30ರೊಳಗೆ ವಾಪಸ್ ಮಾಡಬೇಕು. ಅವರು ಸಲ್ಲಿಸಿದ ಮೇಲೆ ಮತ್ತೆ ಪಡೆಯಬಹುದು.

ಹಾಗಾಗಿ ಪ್ರತಿ ತ್ರೈಮಾಸಿಕದ ತಾಳೆ ಪಟ್ಟಿಯೂ ಹಿಂದಿನದರ ಬಾಕಿಯಿಂದಲೇ ಶುರುವಾಗಬೇಕು. ಮಾರಿದವರ ಹೆಸರು, ಬಿಲ್ ನಂಬರ್, ತೆರಿಗೆ, ಏಕೆ ಬಾಕಿ, ಯಾರಿಗೆ ಯಾವಾಗ ಹೇಳಿದ್ದೇವೆ ಎಂಬ ಐದು ಕಾಲಮ್ಮು ಸಾಕು.

ರಿಟರ್ನ್ ಸಲ್ಲಿಸುವುದು ಆಡಿಟರ ಕಚೇರಿಯ ಕೆಲಸ ಇರಬಹುದು. ಆದರೆ ಸಾಮಾನು ಜನವರಿಯಲ್ಲಿ ಇಳಿಯಿತೆಂದೂ ಗಡಿಯಾರ ಉಡುಗೊರೆಗೆ ಹೋಯಿತೆಂದೂ ಅವರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಅಂಗಡಿಯವರಿಗೆ ಮಾತ್ರ. ಮುಂದಿನ ಸಲ 3ಬಿಗೆ ಒಟಿಪಿ ಹೇಳುವ ಮುಂಚೆ ಪುಸ್ತಕದಿಂದ ರಿಟರ್ನಿನವರೆಗಿನ ಈ ಒಂದು ಪುಟದ ಪಟ್ಟಿಯನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಕಾರಣ ಬರೆಯದ ಒಂದು ಸಾಲು ಉಳಿದಿದ್ದರೂ ಒಟಿಪಿ ಕೊಡಬೇಡಿ.